ಮರ ನಡೆಯಲ್ಲ, ಸರಿ. ಕುಡಿದಿದ್ದು ಯಾರು?

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಬಿ.ಎ. ಓದ್ತಿದ್ದೀನಿ. ಇಂಗ್ಲಿಷ್ ಪ್ರಬಂಧದಲ್ಲಿ ‘ವಾಕಿಂಗ್ ಡೌನ್ ದ ರೋಡ್, ದ ಟ್ರೀಸ್ ಲುಕ್ಡ್ ಲವ್ಲಿ’ ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ಡ್ಯಾಂಗ್ಲಿಂಗ್ ಮಾಡಿಫೈಯರ್’ ಅಂತ ಬರೆದಿದ್ದಾರೆ. ಮರ ನಡೆಯಲ್ಲ ಅಂತ ಯಾರಿಗೆ ಗೊತ್ತಿಲ್ಲ? ಓದಿದವರಿಗೆಲ್ಲ ಅರ್ಥ ಆಗುತ್ತಲ್ಲ, ಮತ್ತೆ ತಪ್ಪು ಹೇಗೆ? ಕನ್ನಡದಲ್ಲಿ ನಾವು ಹೀಗೇ ಹೇಳ್ತೀವಿ ಅಲ್ವಾ?

ಉತ್ತರ: ಮರ ನಡೆಯಿತು ಅಂತ ನಿಮ್ಮ ಮೇಷ್ಟ್ರೂ ನಂಬಿರಲಿಕ್ಕಿಲ್ಲ. ಆದರೂ ಅವರು ಗೆರೆ ಎಳೆದದ್ದು ಸರಿ. ಓದುವವರ ಕಣ್ಣು ಆ ವಾಕ್ಯದಲ್ಲಿ ಹೇಗೆ ಸಾಗುತ್ತದೆ ಅಂತ ನೋಡಿದರೆ ಕಾರಣ ಗೊತ್ತಾಗುತ್ತದೆ.

‘ವಾಕಿಂಗ್ ಡೌನ್ ದ ರೋಡ್’ ಅಂತ ಓದಿದಾಗ ಒಂದು ಕೆಲಸ ಸಿಕ್ಕಿತು, ನಡೆಯುವುದು. ನಡೆದವರು ಯಾರು ಅಂತ ಇನ್ನೂ ಸಿಕ್ಕಿಲ್ಲ. ಇಂಗ್ಲಿಷ್ ಓದುವವರು ಆ ಜಾಗವನ್ನು ಖಾಲಿ ಇಟ್ಟುಕೊಂಡೇ ಕಾಮಾ ದಾಟುತ್ತಾರೆ. ದಾಟಿದ ಮೇಲೆ ಮುಖ್ಯ ವಾಕ್ಯದ ಕರ್ತೃ ಸಿಗುತ್ತದೆ. ಅದನ್ನೇ ತಂದು ಖಾಲಿ ಜಾಗದಲ್ಲಿ ಕೂರಿಸುತ್ತಾರೆ. ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ, ಓದುವ ವೇಗದಲ್ಲಿ ತಾನಾಗಿ ಆಗಿಬಿಡುತ್ತದೆ. ನಿಮ್ಮ ವಾಕ್ಯದಲ್ಲಿ ಕಾಮಾ ಆದ ಮೇಲೆ ಸಿಕ್ಕಿದ್ದು ‘ದ ಟ್ರೀಸ್’. ಹಾಗಾಗಿ ಒಂದು ಕ್ಷಣ ಮರಗಳೇ ರಸ್ತೆಯಲ್ಲಿ ನಡೆದವು. ಆಮೇಲೆ ಬುದ್ಧಿ ‘ಛೆ, ಇದು ಆಗಲ್ಲ’ ಅಂದಿತು. ಓದುವವರು ಹಿಂದೆ ಬಂದು, ನಡೆದದ್ದು ಬರೆದವರೇ ಇರಬೇಕು ಅಂತ ಊಹಿಸಿಕೊಂಡರು. ವಾಕ್ಯದಲ್ಲಿ ‘ಐ’ ಎಲ್ಲೂ ಇಲ್ಲದ್ದರಿಂದ ಅದನ್ನು ತಾವೇ ಒದಗಿಸಿಕೊಂಡರು. ಹೀಗೆ ತನ್ನ ಕರ್ತೃ ಸಿಗದೆ ನೇತಾಡುವ ಭಾಗವನ್ನೇ ‘ಡ್ಯಾಂಗ್ಲಿಂಗ್ ಮಾಡಿಫೈಯರ್’ ಅನ್ನುವುದು. ಅರ್ಥ ಆಯಿತು ಅಂತ ನೀವು ಹೇಳುತ್ತಿರುವುದು ಇಷ್ಟೆಲ್ಲ ಆದ ಮೇಲಿನ ಮಾತು.

ಈ ತಪ್ಪಿನಲ್ಲಿ ತೀರಾ ಸಾಧು ನಮೂನೆ ಅಂದರೆ ನಿಮ್ಮ ವಾಕ್ಯವೇ. ಪಾಠ ಹೇಳುವವರೆಲ್ಲ ಇಂಥದ್ದನ್ನೇ ಹಿಡಿಯುತ್ತಾರೆ, ಯಾಕೆಂದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಕ್ಲಾಸಿನಲ್ಲಿ ನಗು ಬರುತ್ತದೆ. ಅದರಿಂದ ಒಂದು ನಷ್ಟವೂ ಇದೆ. ಇದು ಬರೀ ನಗಿಸುವ ತಪ್ಪು ಅಂತ ಹುಡುಗರು ತಿಳಿದುಬಿಡುತ್ತಾರೆ. ಮರದ ಜಾಗದಲ್ಲಿ ಕೊಕ್ಕರೆ ಇಟ್ಟು ನೋಡಿ. ನೀವು ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು ಬಂದು ಹೀಗೆ ಬರೆದಿರಿ ಅಂದುಕೊಳ್ಳೋಣ: ‘ವಾಕಿಂಗ್ ಅಲಾಂಗ್ ದ ಬಂಡ್, ದ ಸ್ಟಾರ್ಕ್ಸ್ ಲುಕ್ಡ್ ಲವ್ಲಿ’. ಕೊಕ್ಕರೆ ನಡೆಯುತ್ತದೆ. ಉದ್ದ ಕಾಲು ಹಾಕಿಕೊಂಡು ಏರಿಯ ಮೇಲೂ ನಡೆಯಬಹುದು. ಈಗ ಓದುವವರು ಹಿಂದೆ ಬರುವುದಿಲ್ಲ, ನಗುವುದೂ ಇಲ್ಲ. ಏರಿಯ ಮೇಲೆ ಸಾಲಾಗಿ ನಡೆಯುವ ಕೊಕ್ಕರೆಗಳನ್ನು ಕಣ್ಣ ಮುಂದೆ ತಂದುಕೊಂಡು ಮುಂದಿನ ವಾಕ್ಯಕ್ಕೆ ಹೋಗುತ್ತಾರೆ. ನೀವು ನೋಡಿದ ಕೊಕ್ಕರೆಗಳು ನೀರಿನ ನಡುವಿನ ಮರದ ಮೇಲೆ ಕೂತಿದ್ದವು ಅನ್ನೋದು ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಅಪಾಯದ ವಾಕ್ಯ ಯಾವುದು ಅಂದರೆ, ಕಾಮಾ ಆದ ಮೇಲೆ ಸಿಗುವ ಕರ್ತೃ ಆ ಕೆಲಸವನ್ನು ನಿಜವಾಗಿಯೂ ಮಾಡಬಲ್ಲದ್ದು. ಮರ ಮಾಡಲಾರದು, ಆದ್ದರಿಂದ ನೀವು ಬಚಾವಾದಿರಿ.

ಇನ್ನು ಕನ್ನಡದಲ್ಲಿ ಹೀಗೇ ಹೇಳ್ತೀವಿ ಅಂದಿರಿ. ನಾವು ಹೇಳುವುದು ಹೀಗಲ್ಲವಾದರೂ ಹತ್ತಿರದ್ದು. ನಿಮ್ಮ ತಪ್ಪು ಹುಟ್ಟಿದ್ದು ಅಲ್ಲೇ ಅಂತ ನನಗೆ ಅನ್ನಿಸುತ್ತದೆ.

‘ರಸ್ತೆಯಲ್ಲಿ ನಡೆದು ಹೋಗುವಾಗ ಮರಗಳು ಚೆನ್ನಾಗಿ ಕಂಡವು.’ ಇದರಲ್ಲಿ ಯಾವ ತಪ್ಪೂ ಇಲ್ಲ. ‘ಹೋಗುವಾಗ’, ‘ಹೋದಾಗ’, ‘ಹೋಗುತ್ತಿದ್ದಾಗ’ ಅನ್ನುವ ರೂಪಗಳು ಬರೀ ಸಮಯ ಹೇಳುತ್ತವೆ. ಹೋದವರೇ ಮುಂದಿನ ಕೆಲಸವನ್ನೂ ಮಾಡಬೇಕು ಅಂತ ಅವು ಕೇಳುವುದಿಲ್ಲ. ‘ನೀನು ಬರುವಾಗ ನಾನು ಮಲಗಿದ್ದೆ’ ಅಂತ ಆರಾಮಾಗಿ ಹೇಳಬಹುದು, ಇಬ್ಬರು ಬೇರೆ ಬೇರೆ. ಹಳಗನ್ನಡದಲ್ಲಿ ಇದಕ್ಕೆ ಇನ್ನೊಂದು ರೂಪವೇ ಇತ್ತು. ‘ಮಳೆ ಬರೆ’ ಅಂದರೆ ಮಳೆ ಬರಲು, ಮಳೆ ಬಂದಾಗ. ಆಮೇಲೆ ಕುಣಿಯುವುದು ನವಿಲು. ಪಿಯುಸಿಯಲ್ಲಿ ಸತಿಸಪ್ತಮಿ ಅಂತ ಓದಿರಬಹುದು.

ಇದರ ಜೊತೆಗೆ ಇನ್ನೊಂದು ಅನುಕೂಲ ನಮಗಿದೆ. ‘ಕಂಡವು’ ಅಂದ ತಕ್ಷಣ ಯಾರಿಗೆ ಕಂಡವು ಅನ್ನುವ ಪ್ರಶ್ನೆ ಅದರೊಳಗೇ ಕೂತಿರುತ್ತದೆ. ‘ನನಗೆ’ ಅಂತ ಹೇಳಬಹುದು, ಬಿಡಲೂಬಹುದು. ಬಿಟ್ಟರೂ ಕೇಳುವವರಿಗೆ ಅದು ಕೇಳಿಸುತ್ತದೆ. ನಡೆದವರು ಆ ಹೇಳದ ‘ನನಗೆ’ಯಲ್ಲಿ ಸಿಗುತ್ತಾರೆ. ನೀವು ಇಂಗ್ಲಿಷಿನಲ್ಲಿ ಬರೆಯುವಾಗ ‘ಹೋಗುವಾಗ’ ಅನ್ನುವ ಜಾಗಕ್ಕೆ ‘ವಾಕಿಂಗ್’ ಹಾಕಿದಿರಿ, ‘ನನಗೆ’ಯನ್ನು ಕನ್ನಡದಲ್ಲಿ ಬಿಡುವ ಹಾಗೆಯೇ ಬಿಟ್ಟಿರಿ. ಆದರೆ ‘ವಾಕಿಂಗ್’ ಬರೀ ಸಮಯ ಹೇಳುವ ಪದವಲ್ಲ. ಅದು ತನ್ನ ಕರ್ತೃವನ್ನು ಮುಖ್ಯ ವಾಕ್ಯದಿಂದ ಎಳೆದುಕೊಳ್ಳುತ್ತದೆ.

ನಮ್ಮಲ್ಲಿ ಅದಕ್ಕೆ ಹೊಂದುವುದು ‘ನಡೆಯುತ್ತಾ’. ‘ಹಾಡು ಹೇಳುತ್ತಾ ರೊಟ್ಟಿ ತಟ್ಟಿದಳು’ ಅಂದರೆ ಹಾಡಿದವಳೂ ತಟ್ಟಿದವಳೂ ಒಬ್ಬಳೇ. ಈಗ ‘ರಸ್ತೆಯಲ್ಲಿ ನಡೆಯುತ್ತಾ ಮರಗಳು ಚೆನ್ನಾಗಿ ಕಂಡವು’ ಅಂತ ಜೋರಾಗಿ ಓದಿ. ಕಿವಿಗೆ ಏನೋ ಎಡವಟ್ಟು ಅನ್ನಿಸಿತು, ಅಲ್ವಾ? ನಿಮ್ಮ ಮೇಷ್ಟ್ರಿಗೆ ಇಂಗ್ಲಿಷ್ ವಾಕ್ಯ ಕೇಳಿಸಿದ್ದು ಹಾಗೆ.

‘ಮಾಡಿ’, ‘ಹೋಗಿ’, ‘ಬಂದು’ ರೂಪಗಳ ಕಥೆ ಸ್ವಲ್ಪ ಬೇರೆ. ಇವೂ ಸಾಮಾನ್ಯವಾಗಿ ಒಬ್ಬರೇ ಕರ್ತೃವನ್ನು ಕೇಳುತ್ತವೆ. ‘ಸಂತೆಗೆ ಹೋಗಿ ತರಕಾರಿ ತಂದೆ’ ಅಂದರೆ ಹೋದದ್ದೂ ತಂದದ್ದೂ ನಾನೇ. ಆದರೆ ‘ಮಳೆ ಬಂದು ಕೆರೆ ತುಂಬಿತು’ ಅಂತಲೂ ಹೇಳುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದು ಇನ್ನೊಂದಕ್ಕೆ ಕಾರಣ, ಮತ್ತು ‘ಮಳೆ’ ಅಂತ ಬಾಯಿಬಿಟ್ಟು ಹೇಳಿಯೇ ಇದ್ದೇವೆ, ಹಾಗಾಗಿ ಗೊಂದಲ ಇಲ್ಲ. ‘ಗದ್ದೆ ಕೆಲಸ ಮಾಡಿ ನನಗೆ ಸುಸ್ತಾಯಿತು’ ಅನ್ನುವುದೂ ಸರಿಯೇ. ವ್ಯಾಕರಣದ ಕಣ್ಣಿಗೆ ಆದದ್ದು ಸುಸ್ತು, ಆದರೆ ಅದನ್ನು ಅನುಭವಿಸಿದ ‘ನನಗೆ’ಯೇ ಕೆಲಸ ಮಾಡಿದ್ದು ಅಂತ ಕನ್ನಡ ಒಪ್ಪುತ್ತದೆ. ‘ನಾನು ಮಂಡ್ಯಕ್ಕೆ ಬಂದು ಹತ್ತು ವರ್ಷ ಆಯಿತು’ ಅನ್ನುವುದಂತೂ ದಿನಾ ಆಡುವ ಮಾತು. ಬಂದವರು ನಾವು, ಆದದ್ದು ವರ್ಷ.

ಈ ಕೊನೆಯ ವಾಕ್ಯವನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದ ಉತ್ತರಪತ್ರಿಕೆಗಳನ್ನು ನಾನು ನೋಡಿದ್ದೇನೆ. ‘ಹ್ಯಾವಿಂಗ್ ಕಮ್ ಟು ಮಂಡ್ಯ, ಟೆನ್ ಇಯರ್ಸ್ ಹ್ಯಾವ್ ಪಾಸ್ಡ್.’ ಇಂಗ್ಲಿಷ್ ಲೆಕ್ಕದಲ್ಲಿ ಹತ್ತು ವರ್ಷಗಳೇ ಬಸ್ಸು ಹತ್ತಿ ಮಂಡ್ಯಕ್ಕೆ ಬಂದಿಳಿದವು! ಬರೆದ ಹುಡುಗನಿಗೆ ಕನ್ನಡ ಚೆನ್ನಾಗಿ ಬರುತ್ತಿದ್ದದ್ದೇ ತೊಂದರೆ.

ನಿಮ್ಮ ವಾಕ್ಯವನ್ನು ಸರಿಮಾಡಲು ಎರಡು ದಾರಿ ಇವೆ. ಒಂದು, ಮೊದಲ ಭಾಗಕ್ಕೆ ಅದರದ್ದೇ ಕರ್ತೃ ಕೊಡುವುದು: ‘ಆ್ಯಸ್ ಐ ವಾಕ್ಡ್ ಡೌನ್ ದ ರೋಡ್, ದ ಟ್ರೀಸ್ ಲುಕ್ಡ್ ಲವ್ಲಿ’. ಇದು ನಮ್ಮ ‘ಹೋಗುವಾಗ’ಕ್ಕೆ ಸರಿಯಾದ ಜೋಡಿ. ಇನ್ನೊಂದು, ಮೊದಲ ಭಾಗ ಹಾಗೇ ಇಟ್ಟು ಕಾಮಾ ಆದ ಮೇಲೆ ‘ಐ’ ತರುವುದು: ‘ವಾಕಿಂಗ್ ಡೌನ್ ದ ರೋಡ್, ಐ ಥಾಟ್ ದ ಟ್ರೀಸ್ ಲುಕ್ಡ್ ಲವ್ಲಿ’. ವ್ಯಾಕರಣಕ್ಕೆ ಎರಡೂ ಸರಿ. ನನಗೆ ಮೊದಲನೆಯದೇ ಇಷ್ಟ. ಎರಡನೆಯದರಲ್ಲಿ ಮರಕ್ಕಿಂತ ‘ನಾನು ಅಂದುಕೊಂಡೆ’ ಅನ್ನುವುದು ಮುಂದೆ ಬಂದು ನಿಲ್ಲುತ್ತದೆ. ನೀವು ಹೇಳಹೊರಟದ್ದು ಮರದ ಬಗ್ಗೆ ತಾನೇ?

ಸರಿಯಾಯಿತು ಅನ್ನಿಸಿ ಸರಿಯಾಗದ ರಿಪೇರಿಗಳೂ ಇವೆ. ವಾಕ್ಯದ ಶುರುವಿಗೆ ‘ವೈಲ್’ ಸೇರಿಸಿ ‘ವೈಲ್ ವಾಕಿಂಗ್ ಡೌನ್ ದ ರೋಡ್, ದ ಟ್ರೀಸ್...’ ಅಂದರೆ ಏನೂ ಬದಲಾಗಲಿಲ್ಲ. ಖಾಲಿ ಜಾಗ ಇನ್ನೂ ಖಾಲಿ, ತುಂಬುವುದು ಮತ್ತೆ ಮರವೇ. ‘ವಾಕಿಂಗ್ ಡೌನ್ ದ ರೋಡ್’ ಅನ್ನುವುದನ್ನು ವಾಕ್ಯದ ಕೊನೆಗೆ ಸಾಗಿಸಿದರೂ ಅಷ್ಟೇ. ನಡೆದವರ ಹೆಸರು ವಾಕ್ಯದಲ್ಲಿ ಇಲ್ಲದಿರುವುದು ಕಾಯಿಲೆ. ಇರುವ ಪದಗಳನ್ನು ಆಚೀಚೆ ಮಾಡಿದರೆ ಅದು ವಾಸಿಯಾಗಲ್ಲ.

ಈಗ ತುಸು ಗಂಭೀರವಾದ ಒಂದು ವಾಕ್ಯ ತೆಗೆದುಕೊಳ್ಳುತ್ತೇನೆ. ಜಿಲ್ಲಾ ಪುಟಕ್ಕೆ ಬರುವ ಅಪಘಾತದ ಸುದ್ದಿಗಳ ಧಾಟಿಯಲ್ಲಿ ನಾನೇ ಕಟ್ಟಿದ್ದು, ಯಾವ ನಿಜವಾದ ಘಟನೆಯದ್ದೂ ಅಲ್ಲ.

‘ಕುಡಿದ ಅಮಲಿನಲ್ಲಿ ವೇಗವಾಗಿ ಬರುತ್ತಿದ್ದಾಗ ಮದ್ದೂರು ಬಳಿ ಬೈಕ್‌ಗೆ ಲಾರಿ ಡಿಕ್ಕಿ ಹೊಡೆದು ಸವಾರ ಗಾಯಗೊಂಡಿದ್ದಾನೆ.’

ಕುಡಿದಿದ್ದು ಯಾರು? ನಿಮ್ಮ ಗೆಳೆಯರಿಗೆ ಓದಿ ಹೇಳಿ ಕೇಳಿ. ಒಬ್ಬರು ಲಾರಿಯವನು ಅನ್ನಬಹುದು, ಇನ್ನೊಬ್ಬರು ಸವಾರ ಅನ್ನಬಹುದು. ಇಬ್ಬರೂ ತಾವು ಹೇಳಿದ್ದೇ ಸ್ಪಷ್ಟ ಅಂತ ವಾದ ಮಾಡಬಹುದು. ಕ್ರಿಯಾಪದಗಳನ್ನು ಒಂದೊಂದಾಗಿ ಹಿಡಿದು ‘ಯಾರು?’ ಅಂತ ಕೇಳಿ ನೋಡೋಣ. ಗಾಯಗೊಂಡಿದ್ದಾನೆ, ಯಾರು? ಸವಾರ. ಡಿಕ್ಕಿ ಹೊಡೆದು, ಯಾವುದು? ಲಾರಿ. ಬರುತ್ತಿದ್ದಾಗ, ಯಾರು? ಉತ್ತರ ಇಲ್ಲ. ಮೇಲೆ ಹೇಳಿದ ಹಾಗೆ ‘ಬರುತ್ತಿದ್ದಾಗ’ ಸಮಯ ಮಾತ್ರ ಹೇಳಿ ಸುಮ್ಮನಾಗುತ್ತದೆ. ರಸ್ತೆ, ಮರ, ನಡಿಗೆ ಅಂತ ಇದ್ದಾಗ ನಮಗೆ ಅನುಕೂಲ ಮಾಡಿಕೊಟ್ಟ ಅದೇ ಸಡಿಲ ಇಲ್ಲಿ ಒಬ್ಬ ಮನುಷ್ಯನ ಮೇಲೆ ಆರೋಪ ಹೊರಿಸುತ್ತಿದೆ. ಯಾರ ಮೇಲೆ ಅಂತ ಮಾತ್ರ ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ ಮಲಗಿರುವ ಸವಾರ ಕುಡಿದೇ ಇರಲಿಲ್ಲ ಅಂದರೆ, ಊರಿನಲ್ಲಿ ಈ ಸುದ್ದಿ ಓದಿದ ಅರ್ಧ ಜನಕ್ಕೆ ಅವನು ಕುಡಿದವನೇ.

ಇದನ್ನು ವಾಕ್ಯ ತಿದ್ದಿ ಸರಿ ಮಾಡಲು ಆಗುವುದಿಲ್ಲ. ಸುದ್ದಿ ಬರೆದವರಿಗೆ ಮೊದಲು ಫೋನ್ ಮಾಡಿ ಕೇಳಬೇಕು. ನಮಗೆ ಹೊಂದುವ ಊಹೆಯನ್ನು ಆರಿಸಿಕೊಂಡು ನಯವಾಗಿ ಬರೆದುಬಿಡುವುದು ಗೊಂದಲದ ವಾಕ್ಯವನ್ನು ಹಾಗೇ ಬಿಡುವುದಕ್ಕಿಂತ ಕೆಟ್ಟದ್ದು. ಚಾಲಕ ಕುಡಿದಿದ್ದ ಅಂತ ಗೊತ್ತಾದರೆ ಹೀಗೆ ಬರೆಯಬಹುದು: ‘ಮದ್ದೂರು ಬಳಿ ವೇಗವಾಗಿ ಬಂದ ಲಾರಿ ಡಿಕ್ಕಿ ಹೊಡೆದು ಬೈಕ್ ಸವಾರ ಗಾಯಗೊಂಡಿದ್ದಾನೆ. ಲಾರಿ ಚಾಲಕ ಕುಡಿದಿದ್ದ ಎಂದು ಪೊಲೀಸರು ತಿಳಿಸಿದ್ದಾರೆ.’ ಕುಡಿತದ ಮಾತಿಗೆ ಬೇರೆಯೇ ವಾಕ್ಯ, ಅದಕ್ಕೊಬ್ಬ ಕರ್ತೃ, ಹೇಳಿದವರು ಯಾರು ಅನ್ನುವುದೂ ಜೊತೆಗೆ. ಎರಡು ವಾಕ್ಯ ಆಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಎಲ್ಲವನ್ನೂ ಒಂದೇ ವಾಕ್ಯದಲ್ಲಿ ತುರುಕುವ ಚಟದಿಂದಲೇ ಇಂಥ ತಪ್ಪುಗಳು ಜಾಸ್ತಿ ಹುಟ್ಟುವುದು.

ಮೂಲ ಕನ್ನಡ ವಾಕ್ಯವನ್ನು ತಿದ್ದದೆಯೇ ಇಂಗ್ಲಿಷಿಗೆ ಕೊಟ್ಟರೆ ಏನಾಗುತ್ತದೆ ನೋಡಿ. ‘ಡ್ರಂಕ್ ಆ್ಯಂಡ್ ಡ್ರೈವಿಂಗ್ ಫಾಸ್ಟ್, ದ ಲಾರಿ ಹಿಟ್ ದ ಬೈಕ್.’ ಕಾಮಾ ಆದ ಮೇಲೆ ಸಿಗುವುದು ಲಾರಿ. ಲಾರಿ ಕುಡಿಯುವುದಿಲ್ಲ, ಆದರೆ ಲಾರಿ ಅಂದರೆ ಅದರ ಚಾಲಕ ಅಂತ ಓದುವವರು ತಕ್ಷಣ ತಿಳಿದುಕೊಳ್ಳುತ್ತಾರೆ. ಇಂಗ್ಲಿಷ್ ಓದಿದವರಿಗೆ ಅನುಮಾನವೇ ಉಳಿಯಲಿಲ್ಲ, ಕುಡಿದವನು ಲಾರಿಯವನೇ. ಕನ್ನಡದಲ್ಲಿ ಅನುಮಾನ ಇದ್ದ ಜಾಗದಲ್ಲಿ ಇಂಗ್ಲಿಷಿನಲ್ಲಿ ತೀರ್ಪು ಕೂತಿತು. ಅನುವಾದ ಮಾಡಿದವರು ಒಂದೇ ಒಂದು ಪದವನ್ನೂ ತಪ್ಪಾಗಿ ತಿರುಗಿಸಿಲ್ಲ. ‘ಆಗ’ ಅನ್ನುವ ರೂಪವನ್ನು ಇಂಗ್ಲಿಷಿನ ‘ಇಂಗ್’ ರೂಪಕ್ಕೆ ಬದಲಿಸಿದರು ಅಷ್ಟೇ.

ಪರೀಕ್ಷೆಗೆ ಬೇಕಾದ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಕ್ ಮತ್ತು ಸರ್ಕಾರಿ ಕೆಲಸದ ಪರೀಕ್ಷೆಗಳಲ್ಲಿ ತಪ್ಪು ಹುಡುಕುವ ಪ್ರಶ್ನೆಗೆ ‘ಬೀಯಿಂಗ್ ಅ ರೈನಿ ಡೇ, ವಿ ಸ್ಟೇಡ್ ಅಟ್ ಹೋಮ್’ ಎಂಬಂಥ ವಾಕ್ಯ ಕೊಡುತ್ತಾರೆ. ನಾವು ಮಳೆಯ ದಿನ ಅಲ್ಲ, ಹಾಗಾಗಿ ತಪ್ಪು. ‘ಇಟ್ ಬೀಯಿಂಗ್ ಅ ರೈನಿ ಡೇ’ ಅಂದರೆ ಸರಿ, ಆ ಭಾಗಕ್ಕೆ ‘ಇಟ್’ ಅಂತ ಸ್ವಂತ ಕರ್ತೃ ಸಿಕ್ಕಿತು. ನಮ್ಮ ‘ಮಳೆ ದಿನವಾದ್ದರಿಂದ’ಕ್ಕೆ ಇಂಥ ‘ಅದು’ ಬೇಕಾಗಿಲ್ಲ, ಆದ್ದರಿಂದಲೇ ನಾವು ಇದನ್ನು ಮರೆಯುತ್ತೇವೆ.

ಹಾಗಂತ ಇಂಗ್ಲಿಷಿನಲ್ಲಿ ಈ ಪಟ್ಟು ಎಲ್ಲ ಕಡೆಯೂ ಇಲ್ಲ. ‘ಕನ್ಸಿಡರಿಂಗ್’, ‘ಜಡ್ಜಿಂಗ್ ಫ್ರಮ್’, ‘ಸ್ಪೀಕಿಂಗ್ ಆಫ್’ ಅಂತ ಶುರುವಾಗುವ ವಾಕ್ಯಗಳಲ್ಲಿ ಕರ್ತೃ ಹೊಂದದಿದ್ದರೂ ಯಾರೂ ಆಕ್ಷೇಪ ಮಾಡುವುದಿಲ್ಲ. ‘ಕನ್ಸಿಡರಿಂಗ್ ಹಿಸ್ ಏಜ್, ದ ರಿಸಲ್ಟ್ ಈಸ್ ಗುಡ್’ ಅಂದರೆ ಫಲಿತಾಂಶವೇ ಕೂತು ವಯಸ್ಸನ್ನು ಪರಿಗಣಿಸಿತು ಅಂತ ಯಾರಿಗೂ ಅನ್ನಿಸುವುದಿಲ್ಲ. ಬಳಸಿ ಬಳಸಿ ಇವು ಕೆಲಸ ಹೇಳುವುದನ್ನೇ ಬಿಟ್ಟಿವೆ. ನಮ್ಮ ‘ಒಟ್ಟಿನಲ್ಲಿ ನೋಡಿದರೆ’, ‘ನಿಜ ಹೇಳಬೇಕೆಂದರೆ’ ಇದ್ದ ಹಾಗೆ. ನೋಡುವವರು ಯಾರು ಅಂತ ಅಲ್ಲಿ ನಾವೂ ಕೇಳುವುದಿಲ್ಲ. ‘ಸಿಟಿಂಗ್ ಇನ್ ದ ಬಸ್, ಅ ಬೀ ಸ್ಟಂಗ್ ಮಿ’ ಎಂಬಂಥ ವಾಕ್ಯವನ್ನು ಒಳ್ಳೆಯ ಬರಹಗಾರರೂ ಬರೆದಿದ್ದಾರೆ. ಕರ್ತೃ ಜೇನುನೊಣ, ಆದರೆ ‘ಮಿ’ ಅಂತ ಕೂತವರು ವಾಕ್ಯದಲ್ಲೇ ಸಿಗುತ್ತಾರೆ, ಹಾಗಾಗಿ ಹಾನಿ ಕಡಿಮೆ. ಇದನ್ನು ವ್ಯಾಕರಣದ ತಪ್ಪು ಅನ್ನಬೇಕೋ ಅಥವಾ ಬರೀ ಶೈಲಿಯ ದೋಷ ಅನ್ನಬೇಕೋ ಅಂತ ಇಂಗ್ಲಿಷ್ ಪಂಡಿತರಲ್ಲೇ ಒಮ್ಮತವಿಲ್ಲ. ಪರೀಕ್ಷೆಯಲ್ಲಿ ಮಾತ್ರ ಈ ವಾದ ತೆಗೆಯಬೇಡಿ.

ಇದರ ಅಣ್ಣತಮ್ಮ ಒಬ್ಬ ಇದ್ದಾನೆ, ‘ಮಿಸ್‌ಪ್ಲೇಸ್ಡ್ ಮಾಡಿಫೈಯರ್’. ಅಲ್ಲಿ ಬೇಕಾದ ಪದಗಳೆಲ್ಲ ವಾಕ್ಯದಲ್ಲಿ ಇರುತ್ತವೆ, ಕೂತ ಜಾಗ ಮಾತ್ರ ತಪ್ಪು. ಇಲ್ಲಿ ಆಚೀಚೆ ಸಾಗಿಸಿದರೆ ವಾಸಿಯಾಗುತ್ತದೆ. ಇಂಗ್ಲಿಷಿನ ‘ಓನ್ಲಿ’ ಮುಂದಿನ ಪದವನ್ನು ಹಿಡಿಯುತ್ತದೆ, ನಮ್ಮ ‘ಮಾತ್ರ’ ಹಿಂದಿನದನ್ನು. ‘ನಾನು ಮಾತ್ರ ಎರಡು ಇಡ್ಲಿ ತಿಂದೆ’ ಅಂದರೆ ಬೇರೆಯವರು ಎರಡು ತಿನ್ನಲಿಲ್ಲ. ‘ನಾನು ಎರಡು ಇಡ್ಲಿ ಮಾತ್ರ ತಿಂದೆ’ ಅಂದರೆ ಮೂರನೆಯದು ಮುಟ್ಟಲಿಲ್ಲ.

ಕನ್ನಡದಲ್ಲಿ ಜಾಸ್ತಿ ತೊಂದರೆ ಕೊಡುವುದು ಊರು ಮತ್ತು ದಿನ ಹೇಳುವ ಪದಗಳು. ‘ಶ್ರೀರಂಗಪಟ್ಟಣದಲ್ಲಿ ಸರ ಕದ್ದ ವ್ಯಕ್ತಿಯನ್ನು ಪೊಲೀಸರು ಬಂಧಿಸಿದ್ದಾರೆ.’ ಶ್ರೀರಂಗಪಟ್ಟಣದಲ್ಲಿ ಆದದ್ದು ಕಳ್ಳತನವೋ ಬಂಧನವೋ? ಕನ್ನಡದಲ್ಲಿ ಇಂಥ ಪದ ತನ್ನ ಮುಂದೆ ಮೊದಲು ಸಿಗುವ ಕ್ರಿಯೆಗೆ ಅಂಟಿಕೊಳ್ಳುತ್ತದೆ. ಇಲ್ಲಿ ಮೊದಲು ಸಿಗುವುದು ‘ಕದ್ದ’. ಹಾಗಾಗಿ ಹೆಚ್ಚಿನವರು ಕಳ್ಳತನವೇ ಅಲ್ಲಿ ಆಯಿತು ಅಂತ ಓದುತ್ತಾರೆ. ಸರ ಕದ್ದದ್ದು ಮೈಸೂರಿನಲ್ಲಿ, ಸಿಕ್ಕಿಬಿದ್ದದ್ದು ಶ್ರೀರಂಗಪಟ್ಟಣದಲ್ಲಿ ಆದರೆ ಎರಡನ್ನೂ ಅವವುಗಳ ಕ್ರಿಯೆಯ ಪಕ್ಕಕ್ಕೆ ತನ್ನಿ: ‘ಮೈಸೂರಿನಲ್ಲಿ ಸರ ಕದ್ದ ವ್ಯಕ್ತಿಯನ್ನು ಪೊಲೀಸರು ಶ್ರೀರಂಗಪಟ್ಟಣದಲ್ಲಿ ಬಂಧಿಸಿದ್ದಾರೆ.’

ಕೆಲವರು ಮೂಲ ವಾಕ್ಯದಲ್ಲಿ ‘ಶ್ರೀರಂಗಪಟ್ಟಣದಲ್ಲಿ’ ಆದ ಮೇಲೆ ಒಂದು ಕಾಮಾ ಹಾಕಿ ಮುಗಿಸುತ್ತಾರೆ. ಕಾಮಾದ ಮೇಲೆ ಅಷ್ಟು ಭರವಸೆ ಇಡಬೇಡಿ. ಕನ್ನಡ ಓದುವವರು ಅದನ್ನು ಉಸಿರು ಬಿಡುವ ಜಾಗ ಅಂತ ದಾಟಿ ಹೋಗುತ್ತಾರೆ, ರೇಡಿಯೋದಲ್ಲಿ ಓದಿದರೆ ಅದು ಕೇಳಿಸುವುದೂ ಇಲ್ಲ. ಪದವನ್ನೇ ಎತ್ತಿ ಕ್ರಿಯೆಯ ಪಕ್ಕಕ್ಕೆ ಇಡಿ.